ಎರಡು ಬೆಳಕುಗಳ ನಡುವಿನ ಮುಖ: ರಾತ್ರಿಯ ಭಾವಚಿತ್ರದಲ್ಲಿ ನಿಯಾನ್ ಮತ್ತು ಬೀದಿದೀಪದ ಬಣ್ಣಗಳನ್ನು ಹೊಂದಿಸುವುದು ಹೇಗೆ

ಹಗಲಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದ್ದ ಸಾಮಾನ್ಯ ಕ್ಯಾಮೆರಾಗಳು ಮತ್ತು ಮೊಬೈಲ್‌ಗಳು ಈಗ ಬೀದಿದೀಪದ ಬೆಳಕಿನಲ್ಲಿಯೂ ಸ್ಪಷ್ಟವಾದ ಚಿತ್ರ ತೆಗೆಯುತ್ತವೆ. ಬೆಳಕು ಸಾಲದು ಎಂಬ ಹಳೆಯ ತೊಂದರೆ ಬಹುಮಟ್ಟಿಗೆ ನೀಗಿದೆ. ಅದರ ಹಿಂದೆ ಅಡಗಿದ್ದ ಇನ್ನೊಂದು ತೊಂದರೆ ಈಗ ಎದ್ದು ಕಾಣುತ್ತಿದೆ. ರಾತ್ರಿ ಹೊತ್ತು ಅಂಗಡಿಯ ಹೊಳೆಯುವ ಫಲಕದ ಪಕ್ಕದಲ್ಲಿ ಗೆಳೆಯರೊಬ್ಬರನ್ನು ನಿಲ್ಲಿಸಿ ಚಿತ್ರ ತೆಗೆದರೆ, ಮುಖದ ಒಂದು ಕೆನ್ನೆ ಗುಲಾಬಿಯಾಗಿ, ಇನ್ನೊಂದು ಕೆನ್ನೆ ಹಸಿರು ಛಾಯೆಯ ಬೂದಿಯಾಗಿ, ಮೂಗಿನ ನೆರಳು ಕಡುಗೆಂಪಾಗಿ ಮೂಡುತ್ತದೆ. ಅದನ್ನು ಸರಿಪಡಿಸಲು ಬಣ್ಣದ ಸ್ಲೈಡರನ್ನು ಅತ್ತ ಎಳೆದರೆ ಒಂದು ಕೆನ್ನೆ ಸರಿಯಾಗಿ ಇನ್ನೊಂದು ಕೆಡುತ್ತದೆ, ಇತ್ತ ಎಳೆದರೆ ಅದರ ವಿರುದ್ಧ. ಇದಕ್ಕೆ ಕಾರಣವೇನು, ಚಿತ್ರ ತೆಗೆಯುವಾಗಲೇ ಇದನ್ನು ಎಷ್ಟರ ಮಟ್ಟಿಗೆ ಹತೋಟಿಗೆ ತರಬಹುದು, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಉಳಿಯುವುದೆಷ್ಟು ಎಂಬುದನ್ನು ಒಂದು ನಿರ್ದಿಷ್ಟ ಸನ್ನಿವೇಶವನ್ನು ಮುಂದಿಟ್ಟುಕೊಂಡು ಇಲ್ಲಿ ನೋಡೋಣ.

ವೈಟ್ ಬ್ಯಾಲೆನ್ಸ್ ಮಾಡುವ ಕೆಲಸ

ಬಿಳಿ ಕಾಗದವನ್ನು ಹಗಲಿನಲ್ಲಿ ನೋಡಿದರೂ ಮೇಣದಬತ್ತಿಯ ಬೆಳಕಿನಲ್ಲಿ ನೋಡಿದರೂ ಅದು ನಮಗೆ ಬಿಳಿಯಾಗಿಯೇ ಕಾಣುತ್ತದೆ. ಮೇಣದಬತ್ತಿಯ ಬೆಳಕು ಕಿತ್ತಳೆ ಬಣ್ಣದ್ದಾಗಿದ್ದರೂ ನಮ್ಮ ಕಣ್ಣು ಮತ್ತು ಮಿದುಳು ಸ್ವಲ್ಪ ಹೊತ್ತಿನಲ್ಲಿಯೇ ಅದಕ್ಕೆ ಒಗ್ಗಿಕೊಂಡು, ಆ ಕಿತ್ತಳೆಯನ್ನು ಲೆಕ್ಕದಿಂದ ಕಳೆದುಬಿಡುತ್ತವೆ. ಕ್ಯಾಮೆರಾದ ಸಂವೇದಕಕ್ಕೆ ಈ ಹೊಂದಾಣಿಕೆ ತಾನಾಗಿ ಬರುವುದಿಲ್ಲ. ಅದು ಪ್ರತಿ ಬಿಂದುವಿನಲ್ಲಿಯೂ ಕೆಂಪು, ಹಸಿರು ಮತ್ತು ನೀಲಿ ಬೆಳಕು ಎಷ್ಟೆಷ್ಟು ಬಿತ್ತು ಎಂಬುದನ್ನು ಮಾತ್ರ ಅಳೆಯುತ್ತದೆ. ಆ ಮೂರು ಅಳತೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿಸಿ, ಬಿಳಿಯ ಅಥವಾ ಬೂದಿ ಬಣ್ಣದ ವಸ್ತುವಿನಲ್ಲಿ ಮೂರೂ ಸಮನಾಗುವಂತೆ ಮಾಡುವ ಲೆಕ್ಕಾಚಾರಕ್ಕೆ ವೈಟ್ ಬ್ಯಾಲೆನ್ಸ್ ಎಂದು ಹೆಸರು.

ಈ ಲೆಕ್ಕಾಚಾರದ ಅಳತೆಗೋಲು ಬಣ್ಣದ ತಾಪಮಾನ. ಅದನ್ನು ಕೆಲ್ವಿನ್‌ಗಳಲ್ಲಿ ಹೇಳುತ್ತಾರೆ. ಮೇಣದಬತ್ತಿಯ ಬೆಳಕು ಸುಮಾರು 1,900 ಕೆಲ್ವಿನ್, ಹಳೆಯ ತಂತಿಯ ಬಲ್ಬಿನದು 2,700ರ ಆಸುಪಾಸು, ನಡುಹಗಲಿನದು ಸುಮಾರು 5,500. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಕಿತ್ತಳೆಯ ಕಡೆಗೆ, ದೊಡ್ಡದಾದಷ್ಟೂ ನೀಲಿಯ ಕಡೆಗೆ ವಾಲುತ್ತದೆ. ಆದರೆ ಕ್ಯಾಮೆರಾದಲ್ಲಿ ಈ ಸಂಖ್ಯೆಯನ್ನು ಹೆಚ್ಚಿಸಿದರೆ ಚಿತ್ರ ನೀಲಿಯಾಗುವ ಬದಲು ಕಿತ್ತಳೆಯಾಗುವುದನ್ನು ಕಂಡು ಹಲವರು ಗೊಂದಲಕ್ಕೆ ಒಳಗಾಗುತ್ತಾರೆ. ಅಲ್ಲಿ ನಾವು ಕೊಡುವ ಸಂಖ್ಯೆ ಬೆಳಕು ಹೇಗಿದೆ ಎಂಬ ಮಾಹಿತಿ. ಬೆಳಕು ನೀಲಿಯಾಗಿದೆ ಎಂದು ನಾವು ತಿಳಿಸಿದಾಗ ಕ್ಯಾಮೆರಾ ಅದನ್ನು ಸರಿದೂಗಿಸಲು ಚಿತ್ರಕ್ಕೆ ಕಿತ್ತಳೆಯನ್ನು ಕೂಡಿಸುತ್ತದೆ. ಕೆಲ್ವಿನ್ ಜೊತೆಗೆ ಹಸಿರು ಮತ್ತು ಮಜೆಂಟಾಗಳ ನಡುವೆ ಚಲಿಸುವ ಟಿಂಟ್ ಎಂಬ ಎರಡನೆಯ ಸ್ಲೈಡರೂ ಇರುತ್ತದೆ. ಕೃತಕ ದೀಪಗಳ ಕೆಳಗೆ ಅದಕ್ಕೇ ಕೆಲಸ ಹೆಚ್ಚು.

ಇಲ್ಲಿಯೇ ಸಮಸ್ಯೆಯ ಬೇರು ಇದೆ. ವೈಟ್ ಬ್ಯಾಲೆನ್ಸ್ ಇಡೀ ಚಿತ್ರಕ್ಕೆ ಒಂದೇ ಗುಣಕವನ್ನು ಬಳಸುತ್ತದೆ. ಚಿತ್ರದಲ್ಲಿ ಒಂದೇ ಬಗೆಯ ಬೆಳಕಿದ್ದರೆ ಅದು ಸಾಕು. ಮುಖದ ಎರಡು ಬದಿಗಳ ಮೇಲೆ ಎರಡು ಬಗೆಯ ಬೆಳಕು ಬಿದ್ದಾಗ ಎರಡನ್ನೂ ಸರಿಪಡಿಸಬಲ್ಲ ಒಂದು ಗುಣಕ ಇರಲು ಸಾಧ್ಯವೇ ಇಲ್ಲ. ಕ್ಯಾಮೆರಾ ತಾನಾಗಿ ನಿರ್ಧರಿಸುವ ಆಟೋ ವ್ಯವಸ್ಥೆ ಎರಡರ ಸರಾಸರಿಯಂಥದ್ದನ್ನು ಆರಿಸಿಕೊಳ್ಳುತ್ತದೆ. ಫಲವಾಗಿ ಎರಡೂ ಬದಿಗಳು ಸಮನಾಗಿ ತಪ್ಪುತ್ತವೆ.

ದೀಪದೊಳಗೆ ಯಾವ ಬಣ್ಣಗಳಿವೆ

ಕೆಲ್ವಿನ್ ಸಂಖ್ಯೆ ಬೆಳಕಿನ ಒಟ್ಟು ಛಾಯೆಯನ್ನು ಹೇಳುತ್ತದೆಯೇ ಹೊರತು ಅದರೊಳಗೆ ಯಾವ ಯಾವ ಬಣ್ಣಗಳು ಇವೆ, ಯಾವುವು ಇಲ್ಲ ಎಂಬುದನ್ನು ಹೇಳುವುದಿಲ್ಲ. ಬಿಸಿಲಿನಲ್ಲಿಯೂ ತಂತಿಯ ಬಲ್ಬಿನಲ್ಲಿಯೂ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಪ್ರಮಾಣದಲ್ಲಿ ಎಡೆಬಿಡದೆ ಇರುತ್ತವೆ. ರಾತ್ರಿಯ ಬೀದಿಯ ದೀಪಗಳಲ್ಲಿ ಬಹುಪಾಲು ಹಾಗಲ್ಲ.

ಹಳದಿ ಮಿಶ್ರಿತ ಕಿತ್ತಳೆ ಬೆಳಕು ಬೀರುವ ಬೀದಿದೀಪಗಳು ಸೋಡಿಯಂ ಆವಿಯ ದೀಪಗಳು. ಇವುಗಳಲ್ಲಿ ಎರಡು ಬಗೆ. ಕಡಿಮೆ ಒತ್ತಡದ ಸೋಡಿಯಂ ದೀಪ ಬಹುತೇಕ 589 ನ್ಯಾನೊಮೀಟರ್ ತರಂಗಾಂತರದ ಹಳದಿಯನ್ನು ಮಾತ್ರ ಹೊರಸೂಸುತ್ತದೆ. ಅದರ ಕೆಳಗೆ ಕೆಂಪು ಅಂಗಿ, ನೀಲಿ ಅಂಗಿ, ತುಟಿ, ಹಣೆ ಎಲ್ಲವೂ ಒಂದೇ ಹಳದಿಯ ಗಾಢ ಅಥವಾ ತೆಳು ಛಾಯೆಗಳಾಗಿ ಕಾಣುತ್ತವೆ. ಹೆಚ್ಚು ಒತ್ತಡದ ಸೋಡಿಯಂ ದೀಪದಲ್ಲಿ ಸ್ವಲ್ಪ ಕೆಂಪೂ ಸ್ವಲ್ಪ ಹಸಿರೂ ಸೇರಿರುತ್ತವೆ, ನೀಲಿ ತೀರ ಕಡಿಮೆ. ಅದರ ಬಣ್ಣದ ತಾಪಮಾನ 2,000 ಕೆಲ್ವಿನ್‌ಗಿಂತ ತುಸು ಮೇಲೆ. ಈಚೆಗೆ ಇವೆರಡರ ಜಾಗಕ್ಕೆ ಬರುತ್ತಿರುವ ಎಲ್‌ಇಡಿ ಬೀದಿದೀಪ ಸಾಮಾನ್ಯವಾಗಿ 3,000ದಿಂದ 5,000 ಕೆಲ್ವಿನ್ ನಡುವೆ ಇರುತ್ತದೆ. ಅದು ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಕೊಡುವ ಲೇಪನವನ್ನು ಹಚ್ಚಿ ಮಾಡಿದ ಬಿಳಿ ಬೆಳಕು. ಅದರಲ್ಲಿ ಎಲ್ಲ ಬಣ್ಣಗಳೂ ಇರುತ್ತವೆಯಾದರೂ ಬೀದಿಗೆ ಬಳಸುವ ದೀಪಗಳಲ್ಲಿ ಗಾಢ ಕೆಂಪಿನ ಭಾಗ ದುರ್ಬಲ.

ನಿಯಾನ್ ಎಂಬ ಹೆಸರಿನಲ್ಲಿ ನಾವು ಕರೆಯುವ ಫಲಕಗಳಲ್ಲಿಯೂ ಎಲ್ಲವೂ ನಿಯಾನ್ ಅಲ್ಲ. ನಿಯಾನ್ ಅನಿಲವನ್ನು ರಾಮ್ಸೆ ಮತ್ತು ಟ್ರಾವರ್ಸ್ 1898ರಲ್ಲಿ ಕಂಡುಹಿಡಿದರು, 1910ರಲ್ಲಿ ಜಾರ್ಜ್ ಕ್ಲೋಡ್ ಪ್ಯಾರಿಸ್ಸಿನಲ್ಲಿ ನಿಯಾನ್ ಕೊಳವೆ ದೀಪಗಳನ್ನು ಪ್ರದರ್ಶಿಸಿದರು. ಆ ಅನಿಲ ಕೊಡುವುದು ಕಿತ್ತಳೆ ಮಿಶ್ರಿತ ಕೆಂಪನ್ನು ಮಾತ್ರ. ಗಾಜಿನ ಕೊಳವೆಯ ಇತರ ಬಣ್ಣಗಳು ಹೆಚ್ಚಾಗಿ ಆರ್ಗಾನ್ ಮತ್ತು ಪಾದರಸದ ಆವಿ, ಕೊಳವೆಯ ಒಳಲೇಪನ, ಬಣ್ಣದ ಗಾಜು ಇವುಗಳಿಂದ ಬರುತ್ತವೆ. ಇಂದು ಕಾಣುವ ಫಲಕಗಳಲ್ಲಿ ಬಹಳಷ್ಟು ಬಗ್ಗುವ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಪಟ್ಟಿಯೊಳಗೆ ಕೂರಿಸಿದ ಎಲ್‌ಇಡಿಗಳು. ಬಣ್ಣ ಬದಲಿಸುವ ಅಂಥ ಪಟ್ಟಿಯಲ್ಲಿ ಗುಲಾಬಿ ಮೂಡುವುದು ಕೆಂಪು ಮತ್ತು ನೀಲಿ ಎಲ್‌ಇಡಿಗಳು ಒಟ್ಟಿಗೆ ಉರಿದಾಗ. ಹಸಿರು ಅಲ್ಲಿ ಇಲ್ಲವೆಂದೇ ಹೇಳಬಹುದು. ಈ ಸಂಗತಿ ಮುಂದಿನ ಉದಾಹರಣೆಗೆ ಮುಖ್ಯವಾದುದು.

ಇಲ್ಲದ ಬಣ್ಣವನ್ನು ವೈಟ್ ಬ್ಯಾಲೆನ್ಸ್ ತಂದುಕೊಡಲಾರದು. ಒಂದೇ ಮನೆ ನುಡಿಯುವ ಹಾರ್ಮೋನಿಯಂನ ತಿದಿಯನ್ನು ಎಷ್ಟು ಜೋರಾಗಿ ಒತ್ತಿದರೂ ಅದೇ ಸ್ವರ ಗಟ್ಟಿಯಾದೀತೇ ಹೊರತು ಉಳಿದ ಸ್ವರಗಳು ಹೊರಡುವುದಿಲ್ಲ. ಸೋಡಿಯಂ ಬೆಳಕಿನಲ್ಲಿ ತೆಗೆದ ಮುಖವನ್ನು ಪೂರ್ತಿ ಸಹಜಗೊಳಿಸಲು ಹೊರಟಾಗ ತಂತ್ರಾಂಶವು ಇಲ್ಲವೇ ಇಲ್ಲ ಎನ್ನುವಷ್ಟು ಕ್ಷೀಣವಾದ ನೀಲಿ ಸಂಕೇತವನ್ನು ಹಲವು ಪಟ್ಟು ಹಿಗ್ಗಿಸುತ್ತದೆ, ಅದರೊಡನೆ ಸಂವೇದಕದ ಗದ್ದಲವೂ, ಅಂದರೆ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಬೇಡದ ಸಂಕೇತವೂ, ಅಷ್ಟೇ ಪಟ್ಟು ಹಿಗ್ಗುತ್ತದೆ. ಗಲ್ಲದ ಕೆಳಗಿನ ನೆರಳಿನಲ್ಲಿ ನೀಲಿ ಚುಕ್ಕೆಗಳು ಎದ್ದು, ಚರ್ಮ ಬೂದಿ ಬಳಿದಂತೆ ಕಂಡರೆ ಆಗಿರುವುದು ಇದೇ.

ಚರ್ಮ ಬಣ್ಣದ ಬೆಳಕನ್ನು ಹೇಗೆ ಹಿಂದಿರುಗಿಸುತ್ತದೆ

ಯಾವುದೇ ಮೈಬಣ್ಣದ ಮನುಷ್ಯನ ಚರ್ಮವಾದರೂ ಕೆಂಪು ಬೆಳಕನ್ನು ಹೆಚ್ಚು, ಹಸಿರನ್ನು ಅದಕ್ಕಿಂತ ಕಡಿಮೆ, ನೀಲಿಯನ್ನು ಇನ್ನೂ ಕಡಿಮೆ ಪ್ರತಿಫಲಿಸುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರಿನ ಒಂದು ಪಟ್ಟಿಯನ್ನು ಹೀರಿಕೊಳ್ಳುತ್ತದೆ, ಮೆಲನಿನ್ ನೀಲಿಯ ಕಡೆಗೆ ಹೋದಂತೆ ಹೆಚ್ಚು ಹೀರುತ್ತದೆ. ಸುಮಾರು 600 ನ್ಯಾನೊಮೀಟರ್ ದಾಟಿದ ಮೇಲೆ, ಅಂದರೆ ಕೆಂಪಿನ ವಲಯದಲ್ಲಿ, ಹಿಮೋಗ್ಲೋಬಿನ್ ಬಹಳ ಕಡಿಮೆ ಹೀರುತ್ತದೆ, ಮೆಲನಿನ್ ಹೀರುವುದೂ ತಗ್ಗುತ್ತದೆ.

ಇದರಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಕೆಂಪು ನಿಯಾನ್‌ನ ಬೆಳಕು ಬಿದ್ದ ಕೆನ್ನೆಯಲ್ಲಿ ಕಲೆ, ಮೊಡವೆ, ತುಟಿಯ ಅಂಚು ಎಲ್ಲವೂ ಅಳಿಸಿದಂತಾಗಿ ಮುಖ ಮೇಣದ ಹಾಗೆ ನುಣುಪಾಗುತ್ತದೆ, ಏಕೆಂದರೆ ಕಲೆಯನ್ನು ಕಲೆಯಾಗಿ ತೋರಿಸುವ ಹಸಿರಿನ ವ್ಯತ್ಯಾಸವೇ ಅಲ್ಲಿಲ್ಲ. ನೀಲಿ ಅಥವಾ ಹಸಿರು ಫಲಕದ ಬೆಳಕು ಇದಕ್ಕೆ ತದ್ವಿರುದ್ಧ: ಕಣ್ಣಿನ ಕೆಳಗಿನ ಕಪ್ಪು, ಚರ್ಮದ ಏರುಪೇರು ಎಲ್ಲವೂ ನಿಜಕ್ಕಿಂತ ಹೆಚ್ಚಾಗಿ ಎದ್ದು ಕಾಣುತ್ತವೆ. ಆದ್ದರಿಂದ ಹಸಿರು ಅಥವಾ ನೀಲಿ ಫಲಕವನ್ನು ಮುಖದ ಮುಖ್ಯ ಬೆಳಕಾಗಿ ಬಳಸುವುದನ್ನು ನಾನಂತೂ ಶಿಫಾರಸು ಮಾಡುವುದಿಲ್ಲ. ಕೂದಲಿನ ಅಂಚಿಗೆ ಅಥವಾ ಹಿನ್ನೆಲೆಗೆ ಅವು ಒಪ್ಪುತ್ತವೆ. ಗುಲಾಬಿ ಮತ್ತು ಕೆಂಪು ಚರ್ಮಕ್ಕೆ ಕರುಣೆ ತೋರುವ ಬಣ್ಣಗಳಾದರೂ, ಅವುಗಳ ಅಪಾಯ ಬೇರೆ ಕಡೆ ಇದೆ. ಅದನ್ನು ಉದಾಹರಣೆಯಲ್ಲಿಯೇ ನೋಡಬಹುದು.

ಒಂದು ಸನ್ನಿವೇಶ: ಬಲಕ್ಕೆ ಎಲ್‌ಇಡಿ ಬೀದಿದೀಪ, ಎಡಕ್ಕೆ ಗುಲಾಬಿ ಫಲಕ

ಮುಚ್ಚಿದ ಅಂಗಡಿಯೊಂದರ ಗೋಡೆಯ ಮೇಲೆ ಮುಖದ ಎತ್ತರದಲ್ಲಿ ಗುಲಾಬಿ ಬಣ್ಣದ ಎಲ್‌ಇಡಿ ಫಲಕವಿದೆ, ರಸ್ತೆಯ ಅಂಚಿನಲ್ಲಿ ಆರು ಮೀಟರ್ ಎತ್ತರದ ಕಂಬದ ಮೇಲೆ 4,000 ಕೆಲ್ವಿನ್‌ನ ಬಿಳಿ ಬೀದಿದೀಪವಿದೆ ಎಂದುಕೊಳ್ಳೋಣ. ಮೊದಲ ನಿರ್ಧಾರ ಕ್ಯಾಮೆರಾವನ್ನು ಮುಟ್ಟುವ ಮೊದಲೇ ಆಗಬೇಕು: ಎರಡರಲ್ಲಿ ಯಾವುದು ಮುಖವನ್ನು ತೋರಿಸುವ ಬೆಳಕು, ಯಾವುದು ಬಣ್ಣ ಹಚ್ಚುವ ಬೆಳಕು? ಮುಖವನ್ನು ತೋರಿಸುವ ಕೆಲಸವನ್ನು ಹೆಚ್ಚು ಬಣ್ಣಗಳನ್ನು ಒಳಗೊಂಡ ದೀಪಕ್ಕೆ, ಇಲ್ಲಿ ಬೀದಿದೀಪಕ್ಕೆ, ಕೊಡಬೇಕು. ವೈಟ್ ಬ್ಯಾಲೆನ್ಸನ್ನು ಅದಕ್ಕೆ ಹೊಂದಿಸಿ, ಫಲಕದ ಗುಲಾಬಿಯನ್ನು ಗುಲಾಬಿಯಾಗಿಯೇ ಉಳಿಯಲು ಬಿಡಬೇಕು. ಹೊಂದಿಸುವುದು ಎಂದರೆ ಇಲ್ಲಿ ಎರಡೂ ಬದಿಯನ್ನು ಒಂದೇ ಬಣ್ಣ ಮಾಡುವುದಲ್ಲ. ಒಂದು ಬದಿ ಸಹಜವಾಗಿದ್ದು, ಇನ್ನೊಂದು ಬದಿಯ ಬಣ್ಣಕ್ಕೆ ಕಾರಣವೇನೆಂಬುದು ನೋಡುವವರಿಗೆ ತಾನಾಗಿ ಅರ್ಥವಾಗುವಂತೆ ಮಾಡುವುದು. ಫಲಕದ ಒಂದು ತುದಿಯಾದರೂ ಚಿತ್ರದ ಚೌಕಟ್ಟಿನೊಳಗೆ ಇರಲಿ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ನಿಲ್ಲುವ ಜಾಗ ಮುಂದಿನ ಪ್ರಶ್ನೆ. ಕಂಬದ ನೇರ ಕೆಳಗೆ ನಿಂತರೆ ಕಣ್ಣಿನ ಗೂಡುಗಳು ಕಪ್ಪಾಗುತ್ತವೆ, ಆ ಕಪ್ಪಿನೊಳಗೆ ಗುಲಾಬಿ ಮಾತ್ರ ತುಂಬಿಕೊಳ್ಳುತ್ತದೆ. ದೀಪ ಮುಖಕ್ಕಿಂತ ಸುಮಾರು ನಾಲ್ಕೂವರೆ ಮೀಟರ್ ಮೇಲಿರುವುದರಿಂದ, ಕಂಬದಿಂದ ಅಷ್ಟೇ ದೂರ ಸರಿದು ಮುಖವನ್ನು ಕಂಬದ ಕಡೆಗೆ ತುಸು ತಿರುಗಿಸಿದರೆ ಬೆಳಕು ಸುಮಾರು 45 ಡಿಗ್ರಿ ಕೋನದಲ್ಲಿ ಇಳಿದು ಕಣ್ಣುಗಳನ್ನು ತಲುಪುತ್ತದೆ. ಗಲ್ಲವನ್ನು ಒಂದಿಷ್ಟು ಮೇಲೆತ್ತಲು ಹೇಳಿದರೆ ಇನ್ನೂ ಒಳ್ಳೆಯದು.

ಬೀದಿದೀಪವನ್ನು ಕದಲಿಸಲಾಗದು, ಫಲಕವನ್ನೂ ಕದಲಿಸಲಾಗದು, ಕದಲಿಸಬಹುದಾದದ್ದು ಮನುಷ್ಯನನ್ನು. ಆರು ಮೀಟರಿಗೂ ಹೆಚ್ಚು ದೂರದಲ್ಲಿರುವ ದೀಪದ ಮಟ್ಟಿಗೆ ಒಂದು ಹೆಜ್ಜೆಯಿಂದ ಹೆಚ್ಚೇನೂ ಬದಲಾಗುವುದಿಲ್ಲ. ಒಂದು ಮೀಟರ್ ದೂರದ ಫಲಕದ ಮಟ್ಟಿಗೆ ಆ ಒಂದು ಹೆಜ್ಜೆಯೇ ಬಹಳ ದೊಡ್ಡದು: ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಕೆನ್ನೆಯ ಮೇಲಿನ ಗುಲಾಬಿ ಬೆಳಕು ಅರ್ಧಕ್ಕೂ ಕಾಲು ಭಾಗಕ್ಕೂ ನಡುವೆ ಎಲ್ಲೋ ಇಳಿಯುತ್ತದೆ. ಚಿಕ್ಕ ಬಲ್ಬಾಗಿದ್ದರೆ ಕಾಲು ಭಾಗಕ್ಕೆ ಇಳಿಯುತ್ತಿತ್ತು, ಫಲಕ ಉದ್ದವಾಗಿರುವುದರಿಂದ ಇಳಿಕೆ ತುಸು ನಿಧಾನ. ಹೀಗೆ ಎರಡು ಬೆಳಕುಗಳ ಅನುಪಾತವನ್ನು ಹೆಜ್ಜೆಗಳಿಂದಲೇ ನಿಯಂತ್ರಿಸಬಹುದು.

ಅನುಪಾತ ಎಷ್ಟಿರಬೇಕು? ಚೌಕಟ್ಟಿನ ಒಂದು ಚಿಕ್ಕ ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗನ್ನು ಕ್ಯಾಮೆರಾದಲ್ಲಿ ಆರಿಸಿ, ಮೊದಲು ದೀಪದ ಕಡೆಯ ಕೆನ್ನೆಯನ್ನೂ ಆಮೇಲೆ ಫಲಕದ ಕಡೆಯ ಕೆನ್ನೆಯನ್ನೂ ಅಳೆದು ನೋಡಬೇಕು. ಫಲಕದ ಕಡೆಯದು ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಇರುವುದು ಒಳ್ಳೆಯ ಆರಂಭ. ಬೆಳಕು ಅರ್ಧಕ್ಕೆ ಇಳಿದರೆ ಅದು ಒಂದು ಸ್ಟಾಪ್. ಎರಡೂ ಸಮನಾಗಿದ್ದರೆ ಮುಖ ಮೂಗಿನ ನೇರಕ್ಕೆ ಎರಡು ಹೋಳಾಗಿ ಕಾಣುತ್ತದೆ. ಅಂಥ ಚಿತ್ರದಲ್ಲಿ ಹೆಚ್ಚು ತೊಂದರೆ ಕೊಡುವುದು ಕೆನ್ನೆಗಿಂತಲೂ ಮೂಗಿನ ನೆರಳು. ದೀಪದ ಬೆಳಕನ್ನು ಮೂಗು ತಡೆದಾಗ ಉಂಟಾಗುವ ನೆರಳಿನೊಳಗೆ ಬಿಳಿ ಬೆಳಕು ಇಲ್ಲ, ಗುಲಾಬಿ ಮಾತ್ರ ಇದೆ. ಆದ್ದರಿಂದ ಎರಡೂ ಬೆಳಕುಗಳು ಬೆರೆಯುವ ಹಣೆಯಲ್ಲಿ ತಿಳಿಗುಲಾಬಿ ಇದ್ದರೆ, ಅಲ್ಲೇ ಕೆಳಗೆ ಮೂಗಿನ ಪಕ್ಕದಲ್ಲಿ ಗಾಯದಂಥ ಕಡುಗುಲಾಬಿ ಮೂಡುತ್ತದೆ. ಫಲಕವನ್ನು ಮಂಕಾಗಿಸಿದಷ್ಟೂ ಆ ನೆರಳು ಬರಿಯ ನೆರಳಾಗುತ್ತ ಬರುತ್ತದೆ.

ಬೂದಿ ಕಾರ್ಡನ್ನು ಹಿಡಿಯುವ ರೀತಿ

ವೈಟ್ ಬ್ಯಾಲೆನ್ಸ್ ಅಳೆಯಲು ಛಾಯಾಗ್ರಾಹಕರು ಬಳಸುವ ಬೂದಿ ಬಣ್ಣದ ಕಾರ್ಡನ್ನು ಮುಖದ ಮುಂದೆ ಹಿಡಿದು ಒಂದು ಚಿತ್ರ ತೆಗೆದುಕೊಳ್ಳಬೇಕು. ಹೆಚ್ಚಿನವರು ಎಡವುವ ಜಾಗ ಇದು. ಕಾರ್ಡಿನ ಮೇಲೆ ಫಲಕದ ಗುಲಾಬಿಯೂ ಬಿದ್ದರೆ ಕ್ಯಾಮೆರಾ ಆ ಗುಲಾಬಿಯನ್ನೂ ಕಳೆಯಲು ಹೊರಟು ಇಡೀ ಚಿತ್ರಕ್ಕೆ ಹಸಿರನ್ನು ಕೂಡಿಸುತ್ತದೆ. ದೀಪದ ಕಡೆಯ ಕೆನ್ನೆ ರೋಗಿಯ ಕೆನ್ನೆಯಂತೆ ಹಸಿರಾಗುತ್ತದೆ. ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ ಫಲಕ ಚೌಕಟ್ಟಿನ ದೊಡ್ಡ ಭಾಗವನ್ನು ತುಂಬಿಕೊಂಡಾಗ ಆಗುವ ಅನಾಹುತವೂ ಇದೇ. ಹಾಗಾಗಿ ಕಾರ್ಡನ್ನು ದೀಪದ ಕಡೆಗೆ ತಿರುಗಿಸಿ, ಫಲಕದ ಬೆಳಕಿಗೆ ಯಾರಾದರೂ ಅಡ್ಡ ನಿಂತು ಅಥವಾ ಕಪ್ಪು ಬಟ್ಟೆಯನ್ನು ಅಡ್ಡ ಹಿಡಿದು, ಬೀದಿದೀಪವೊಂದರದೇ ಬೆಳಕು ಕಾರ್ಡಿನ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು.

ಈ ಅಳತೆ 4,000 ಕೆಲ್ವಿನ್ ಎಂದು ಬಂದರೆ ಅದನ್ನೇ ಇಟ್ಟುಕೊಳ್ಳಬೇಕೆಂದೇನೂ ಇಲ್ಲ. ರಾತ್ರಿಯ ಮುಖ ಹಗಲಿನ ಮುಖದಷ್ಟು ತಟಸ್ಥವಾಗಿದ್ದರೆ ಸಹಜವೆನಿಸುವುದಿಲ್ಲ. 4,300 ಅಥವಾ 4,400ಕ್ಕೆ ಏರಿಸಿ ಒಂದಿಷ್ಟು ಬೆಚ್ಚಗಿನ ಛಾಯೆ ಉಳಿಸುವುದು ನನಗೆ ಒಪ್ಪಿಗೆಯಾಗುವ ಕ್ರಮ. ಬೀದಿಯ ಎಲ್‌ಇಡಿಯಲ್ಲಿ ಕೆಂಪು ದುರ್ಬಲವಾಗಿರುವುದರಿಂದ ಕಾರ್ಡು ಸರಿಯಾದ ಬೂದಿಯಾಗಿ ಕಂಡರೂ ಚರ್ಮ ಮಾತ್ರ ಪೇಲವವಾಗಿ, ತುಸು ಹಸಿರಾಗಿ ಉಳಿಯಬಹುದು. ಆಗ ಟಿಂಟನ್ನು ಮಜೆಂಟಾದ ಕಡೆಗೆ ಐದರಿಂದ ಹತ್ತು ಅಂಕ ಸರಿಸಿದರೆ ಸಾಮಾನ್ಯವಾಗಿ ಸಾಕು. ಇನ್ನೂ ಉತ್ತಮ ಉಪಾಯವೆಂದರೆ, ಬಣ್ಣ ತೋರಿಸುವ ಗುಣಮಟ್ಟದ ಸೂಚ್ಯಂಕ 95 ಅಥವಾ ಅದಕ್ಕಿಂತ ಹೆಚ್ಚಿರುವ ಅಂಗೈಯಗಲದ ಎಲ್‌ಇಡಿ ಪ್ಯಾನೆಲೊಂದನ್ನು 4,000 ಕೆಲ್ವಿನ್‌ಗೆ ಹೊಂದಿಸಿ, ಬೀದಿದೀಪದ ಕಡೆಯಿಂದಲೇ ಮಂದವಾಗಿ ಬೆಳಗುವುದು. ಅದು ಮುಖಕ್ಕೆ ಕೊರತೆಯಾಗಿದ್ದ ಕೆಂಪನ್ನು ನಿಜವಾಗಿಯೂ ಒದಗಿಸುತ್ತದೆ. ಬಿಳಿ ರಿಫ್ಲೆಕ್ಟರ್ ಹಿಡಿದರೆ ಈ ಲಾಭವಿಲ್ಲ. ಅದು ಬೀದಿದೀಪದ ಅದೇ ಕೊರತೆಯ ಬೆಳಕನ್ನು, ಅಜಾಗರೂಕರಾಗಿದ್ದರೆ ಫಲಕದ ಗುಲಾಬಿಯನ್ನೂ, ಮುಖಕ್ಕೆ ಮರಳಿಸುತ್ತದೆ ಅಷ್ಟೇ.

ಎಕ್ಸ್‌ಪೋಶರ್: ಕೆಂಪು ಸದ್ದಿಲ್ಲದೆ ತುಂಬಿ ಹರಿಯುತ್ತದೆ

ಇಂಥ ಬೆಳಕಿನಲ್ಲಿ ಲೆನ್ಸಿನ ತೆರಪು f/1.8, ಶಟರ್ ವೇಗ 1/100 ಸೆಕೆಂಡ್, ಸಂವೇದಕದ ಸೂಕ್ಷ್ಮತೆ ಐಎಸ್‌ಒ 3200ರ ಆಸುಪಾಸಿನಲ್ಲಿ ಕೆಲಸ ಆರಂಭವಾಗುತ್ತದೆ. ಶಟರ್ ವೇಗದ ಆಯ್ಕೆಗೆ ಒಂದು ಕಾರಣವಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ; 1/100 ಅಥವಾ 1/50 ಸೆಕೆಂಡ್ ತೆರೆದಿಟ್ಟರೆ ಪ್ರತಿ ಚಿತ್ರದಲ್ಲಿಯೂ ಏರಿಳಿತದ ಪೂರ್ಣ ಸುತ್ತು ಸೇರಿ ಬೆಳಕೂ ಬಣ್ಣವೂ ಸ್ಥಿರವಾಗಿರುತ್ತವೆ. 60 ಹರ್ಟ್ಸ್ ಇರುವಲ್ಲಿ 1/60 ಸೆಕೆಂಡ್ ಸೂಕ್ತ. ಸತತವಾಗಿ ತೆಗೆದ ಚಿತ್ರಗಳಲ್ಲಿ ಮುಖದ ಬಣ್ಣ ಒಂದೊಂದರಲ್ಲಿ ಒಂದೊಂದು ಬಗೆಯಾಗಿದ್ದರೆ, ಅಥವಾ ಚಿತ್ರಕ್ಕೆ ಅಡ್ಡಲಾಗಿ ಪಟ್ಟಿಗಳು ಬಿದ್ದಿದ್ದರೆ, ಶಟರ್ ವೇಗ ಹೆಚ್ಚಾಗಿದೆ ಎಂದು ತಿಳಿಯಬೇಕು.

ಗುಲಾಬಿಯ ಅಪಾಯ ಎಂದು ಮೇಲೆ ಹೇಳಿದ್ದು ಇಲ್ಲಿ ಎದುರಾಗುತ್ತದೆ. ಪರದೆಯಲ್ಲಿ ತೋರುವ ಬಣ್ಣಗಳ ಒಟ್ಟು ಪ್ರಕಾಶವನ್ನು ಲೆಕ್ಕ ಹಾಕುವಾಗ ಹಸಿರಿಗೆ ಸುಮಾರು ಶೇ. 72, ಕೆಂಪಿಗೆ ಶೇ. 21, ನೀಲಿಗೆ ಶೇ. 7ರಷ್ಟು ಮಾತ್ರ ತೂಕ ಕೊಡಲಾಗುತ್ತದೆ, ಏಕೆಂದರೆ ನಮ್ಮ ಕಣ್ಣಿನ ಸ್ಪಂದನ ಹಾಗಿದೆ. ಅಂದರೆ ಒಂದು ಕೆನ್ನೆಯಲ್ಲಿ ಕೆಂಪು ತನ್ನ ಗರಿಷ್ಠ ಮಿತಿಯನ್ನು ಮುಟ್ಟಿ ತುಂಬಿಹೋಗಿದ್ದರೂ ಒಟ್ಟು ಪ್ರಕಾಶದ ಲೆಕ್ಕದಲ್ಲಿ ಆ ಜಾಗ ಇನ್ನೂ ಮಂಕಾಗಿಯೇ ಕಾಣಿಸುತ್ತದೆ. ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಪ್ರಕಾಶದ ಬಿಂದುಗಳು ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯನ್ನು ಬಿಳಿ ಬಣ್ಣದ ಒಂದೇ ರೇಖೆಯಾಗಿ ನೋಡಿ ಎಲ್ಲ ಸರಿಯಿದೆ ಎಂದುಕೊಂಡವರು ಮನೆಗೆ ಹೋಗಿ ನೋಡಿದಾಗ, ಫಲಕದ ಕಡೆಯ ಕೆನ್ನೆ ರಂಧ್ರ, ರೋಮ, ಉಬ್ಬುತಗ್ಗು ಯಾವುದೂ ಇಲ್ಲದ ಬಣ್ಣದ ತೇಪೆಯಾಗಿರುತ್ತದೆ. ತುಂಬಿಹೋದ ಕೆಂಪಿನೊಳಗಿನ ವಿವರವನ್ನು ಆಮೇಲೆ ಮರಳಿ ಪಡೆಯುವುದು ಕಷ್ಟ.

ಆದ್ದರಿಂದ ಕೆಂಪು, ಹಸಿರು, ನೀಲಿಗಳನ್ನು ಪ್ರತ್ಯೇಕವಾಗಿ ತೋರಿಸುವ ಹಿಸ್ಟೋಗ್ರಾಮನ್ನು ಕ್ಯಾಮೆರಾದಲ್ಲಿ ಚಾಲೂ ಮಾಡಿಕೊಂಡು, ಕೆಂಪಿನ ರೇಖೆ ಬಲ ಅಂಚಿಗೆ ಅಂಟಿಕೊಳ್ಳದಂತೆ ನೋಡಬೇಕು. ಚೌಕಟ್ಟಿನೊಳಗಿನ ಫಲಕದ ಕೊಳವೆ ಹೇಗೂ ಅಂಟಿಕೊಳ್ಳುತ್ತದೆ, ಅದಕ್ಕೆ ಚಿಂತೆ ಬೇಡ. ಮುಖದ ಭಾಗವನ್ನು ಹಿಗ್ಗಿಸಿ ನೋಡಿ ಕೆನ್ನೆಯ ವಿವರ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡರಾಯಿತು. ಉಳಿದಿಲ್ಲವಾದರೆ ಒಂದು ಸ್ಟಾಪ್ ಇಳಿಸಿ ಮತ್ತೆ ತೆಗೆಯಬೇಕು. ಇಷ್ಟೆಲ್ಲ ಮಾಡುವಾಗ ಚಿತ್ರವು ಸಂವೇದಕದ ಅಳತೆಗಳನ್ನು ಇದ್ದ ಹಾಗೆಯೇ ಉಳಿಸುವ ರಾ ಸ್ವರೂಪದಲ್ಲಿ ದಾಖಲಾಗುತ್ತಿರಬೇಕು, ಏಕೆಂದರೆ ಜೆಪೆಗ್‌ನಲ್ಲಿ ವೈಟ್ ಬ್ಯಾಲೆನ್ಸ್‌ನ ಗುಣಕ ಆಗಲೇ ಬೆರೆತುಹೋಗಿರುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಪ್ರೊ ಸ್ಥಿತಿಯಲ್ಲಿ ರಾ ಆರಿಸಿಕೊಳ್ಳುವುದು ಮೇಲು. ನೈಟ್ ಸ್ಥಿತಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಬೆಸೆಯುವುದರಿಂದ, ಬಣ್ಣ ಬದಲಿಸುವ ಅಥವಾ ಮಿನುಗುವ ಫಲಕದ ಎದುರು ಅದು ಕೊಡುವ ಬಣ್ಣವನ್ನು ನೆಚ್ಚುವಂತಿಲ್ಲ.

ಬೀದಿದೀಪ ಸೋಡಿಯಂ ಆಗಿದ್ದರೆ

ಇದೇ ಸನ್ನಿವೇಶದಲ್ಲಿ ಕಂಬದ ಮೇಲೆ ಕಿತ್ತಳೆ ಸೋಡಿಯಂ ದೀಪವಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಹಲವು ಕ್ಯಾಮೆರಾಗಳಲ್ಲಿ ಕೆಲ್ವಿನ್ ಸಂಖ್ಯೆ 2,500ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಸೋಡಿಯಂ ಇರುವುದು ಅದಕ್ಕಿಂತ ಕೆಳಗೆ. ಕಂಪ್ಯೂಟರಿನಲ್ಲಿ 2,000ಕ್ಕೆ ಇಳಿಸಿ ಮುಖವನ್ನು ತಟಸ್ಥಗೊಳಿಸಿದರೂ, ಇಡೀ ಚಿತ್ರ ನೀಲಿಯ ಕಡೆಗೆ ಸರಿಯುವುದರಿಂದ ಫಲಕದ ಗುಲಾಬಿ ನೇರಳೆಯಾಗುತ್ತದೆ, ಕೆಂಪು ಫಲಕವಾಗಿದ್ದರೆ ಮಜೆಂಟಾ ಆಗುತ್ತದೆ.

ಇಲ್ಲಿ ಮುಖವನ್ನು ತೋರಿಸುವ ಕೆಲಸವನ್ನು ಸೋಡಿಯಂಗೆ ಕೊಡದೆ, ಮೇಲೆ ಹೇಳಿದ ಚಿಕ್ಕ ಪ್ಯಾನೆಲಿಗೆ ಕೊಡುವುದು ಸರಿ. ಪ್ಯಾನೆಲನ್ನು 3,200 ಕೆಲ್ವಿನ್‌ಗೆ ಇಟ್ಟು ಕ್ಯಾಮೆರಾವನ್ನೂ ಅದಕ್ಕೇ ಹೊಂದಿಸಿದರೆ, ಚರ್ಮ ಸಹಜವಾಗಿ, ಹಿನ್ನೆಲೆಯ ಬೀದಿ ಕಿತ್ತಳೆಯಾಗಿ, ಫಲಕ ಗುಲಾಬಿಯಾಗಿ ಉಳಿಯುತ್ತವೆ. ಪ್ಯಾನೆಲನ್ನು ಹಗಲಿನ 5,500ಕ್ಕೆ ಇಟ್ಟರೆ ಹಿನ್ನೆಲೆ ಇನ್ನೂ ಕಡುಕಿತ್ತಳೆಯಾಗಿ, ಮುಖ ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಫ್ಲ್ಯಾಶ್ ಬಳಸುವವರು ಅದರ ಮುಂದೆ ಸಿಟಿಒ ಎಂಬ ಕಿತ್ತಳೆ ಜೆಲ್ ಹಾಳೆಯನ್ನು ಇಡುತ್ತಾರೆ. ಒಂದು ಪೂರ್ಣ ಸಿಟಿಒ ಹಾಳೆ ಹಗಲಿನ ಬೆಳಕನ್ನು ಸುಮಾರು 3,000 ಕೆಲ್ವಿನ್‌ಗೆ ಇಳಿಸುತ್ತದೆ. ಸೋಡಿಯಂಗೆ ಸರಿಗಟ್ಟಲು ಅಂಥ ಎರಡು ಹಾಳೆಗಳೇ ಬೇಕು, ಮುಖಕ್ಕಾದರೆ ಒಂದೇ ಸಾಕು. ಪ್ಯಾನೆಲೂ ಇಲ್ಲ, ಫ್ಲ್ಯಾಶೂ ಇಲ್ಲ ಎಂದಾದರೆ ಮುಖವನ್ನು ಅರ್ಧದಷ್ಟು ಮಾತ್ರ ಸರಿಪಡಿಸಿ, ಕಿತ್ತಳೆಯನ್ನು ರಾತ್ರಿಯ ಬಣ್ಣವಾಗಿ ಒಪ್ಪಿಕೊಳ್ಳುವುದೇ ದಾರಿ.

ಕಂಪ್ಯೂಟರಿನಲ್ಲಿ ತಿದ್ದುವ ಕ್ರಮ

ಎಲ್‌ಇಡಿ ಬೀದಿದೀಪದ ಉದಾಹರಣೆಗೆ ಮರಳೋಣ. ಮೊದಲು ಕಾರ್ಡಿನ ಚಿತ್ರದಿಂದ ಪಡೆದ ವೈಟ್ ಬ್ಯಾಲೆನ್ಸನ್ನು ಇಡೀ ಚಿತ್ರಕ್ಕೆ ಅನ್ವಯಿಸಿ, ದೀಪದ ಕಡೆಯ ಕೆನ್ನೆಯನ್ನು ಮಾತ್ರ ಪರೀಕ್ಷಿಸಬೇಕು. ಕಣ್ಣನ್ನೊಂದೇ ನಂಬದೆ, ಕೆನ್ನೆಯ ಮೇಲೆ ಕರ್ಸರ್ ಇಟ್ಟಾಗ ತಂತ್ರಾಂಶ ತೋರಿಸುವ ಕೆಂಪು, ಹಸಿರು, ನೀಲಿ ಸಂಖ್ಯೆಗಳನ್ನು ಓದುವುದು ಒಳ್ಳೆಯದು. ಮೈಬಣ್ಣ ಯಾವುದೇ ಇರಲಿ, ಸಹಜ ಬೆಳಕಿನ ಚರ್ಮದಲ್ಲಿ ಕೆಂಪು ಎಲ್ಲಕ್ಕಿಂತ ಹೆಚ್ಚು, ಹಸಿರು ನಡುವೆ, ನೀಲಿ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಹಸಿರು ಕೆಂಪನ್ನು ಸಮೀಪಿಸಿದ್ದರೆ ಚಿತ್ರದಲ್ಲಿ ಹಸಿರು ಛಾಯೆ ಉಳಿದಿದೆ, ನೀಲಿಯು ಹಸಿರನ್ನು ಮೀರಿದ್ದರೆ ಗುಲಾಬಿ ಅಲ್ಲಿಗೂ ಸೋರಿದೆ ಎಂದು ಅರ್ಥ. ಫಲಕದ ಕಡೆಯ ಕೆನ್ನೆಯಲ್ಲಿ ನೀಲಿಯು ಹಸಿರನ್ನು ಮೀರುವುದು ಸಹಜ. ಅದನ್ನು ಹಾಗೆಯೇ ಬಿಡಬೇಕು.

ಆ ಬಳಿಕ ಫಲಕದ ಕಡೆಯ ಮುಖಕ್ಕೆ ಮಾತ್ರ, ಅಂಚು ಮೃದುವಾಗಿರುವ ಬ್ರಷ್‌ನಿಂದ, ತಿದ್ದುಪಡಿಯನ್ನು ಆ ಜಾಗಕ್ಕಷ್ಟೇ ಸೀಮಿತಗೊಳಿಸುವ ಒಂದು ಮಾಸ್ಕ್ ಬಿಡಿಸಿಕೊಳ್ಳಬೇಕು. ಅದರೊಳಗೆ ಮೊದಲು ಇಳಿಸಬೇಕಾದದ್ದು ಬಣ್ಣದ ಗಾಢತೆಯನ್ನು, 15ರಿಂದ 25 ಅಂಕಗಳಷ್ಟು. ಛಾಯೆಯನ್ನು ಮುಟ್ಟುವುದು ಆಮೇಲೆ. ಬೇಕೆನಿಸಿದರೆ ಟಿಂಟನ್ನು ಹಸಿರಿನ ಕಡೆಗೆ ಸ್ವಲ್ಪ ಸರಿಸಬಹುದು. ಗುಲಾಬಿಯನ್ನು ಪೂರ್ತಿ ಅಳಿಸುವ ಆಸೆಗೆ ಬಿದ್ದರೆ ಏನಾಗುತ್ತದೆ ಎಂಬುದು ಈಗ ಊಹೆಗೆ ಎಟುಕುತ್ತದೆ: ಆ ಬೆಳಕಿನಲ್ಲಿ ಹಸಿರು ಇರಲೇ ಇಲ್ಲವಾದ್ದರಿಂದ ಕೆನ್ನೆ ಚರ್ಮದ ಬಣ್ಣಕ್ಕೆ ಬರುವ ಬದಲು ಜೀವವಿಲ್ಲದ ಬೂದಿಗೆ ಬಂದು ನಿಲ್ಲುತ್ತದೆ, ಗದ್ದಲದ ಕಾಳುಗಳು ಏಳುತ್ತವೆ. ಎರಡು ಬೆಳಕುಗಳು ಸೇರುವ ಹಣೆ ಮತ್ತು ಮೂಗಿನ ಗೆರೆಯಲ್ಲಿ ಬೂದಿ ಪಟ್ಟಿಯೊಂದು ಕಾಣಿಸಿಕೊಂಡರೆ ಮಾಸ್ಕ್‌ನ ಅಂಚು ಗಡುಸಾಗಿದೆ ಅಥವಾ ದೀಪದ ಕಡೆಗೆ ಮೀರಿ ಬಂದಿದೆ. ಮೂಗಿನ ನೆರಳಿಗೆ ಪ್ರತ್ಯೇಕವಾಗಿ ಒಂದು ಚಿಕ್ಕ ಮಾಸ್ಕ್ ಮಾಡಿ ಅದರ ಗಾಢತೆಯನ್ನು ಇನ್ನೂ ಸ್ವಲ್ಪ ತಗ್ಗಿಸಿದರೆ, ಇಡೀ ಮುಖದ ನೋಟ ಬದಲಾಗುವಷ್ಟು ವ್ಯತ್ಯಾಸ ಅಷ್ಟರಿಂದಲೇ ಬರುತ್ತದೆ. ಕತ್ತು ಮತ್ತು ಕಿವಿಗಳನ್ನು ಮರೆಯಬಾರದು. ಮುಖ ತಿದ್ದಿ ಕತ್ತನ್ನು ಹಾಗೆಯೇ ಬಿಟ್ಟ ಚಿತ್ರ ಯಾರಿಗಾದರೂ ಕೂಡಲೇ ಗೊತ್ತಾಗುತ್ತದೆ.

ತಿದ್ದುವ ಪರದೆಯ ಬಗ್ಗೆಯೂ ಎಚ್ಚರ ಬೇಕು. ಸಂಜೆಯಾದ ಮೇಲೆ ಪರದೆಯನ್ನು ತಾನಾಗಿ ಹಳದಿಗೊಳಿಸುವ, ಕೋಣೆಯ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಸೌಲಭ್ಯಗಳನ್ನು ಮೊದಲೇ ನಿಲ್ಲಿಸಿಕೊಳ್ಳದಿದ್ದರೆ ಚಿತ್ರ ಬೆಳಿಗ್ಗೆ ನೀಲಿಯಾಗಿ ಕಂಡೀತು. ಕೊನೆಯದಾಗಿ, ಜಾಲದಲ್ಲಿ ಹಂಚುವ ಚಿತ್ರಗಳು ಹೆಚ್ಚಾಗಿ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿಗೆ ಎಲ್‌ಇಡಿ ಫಲಕದ ತೀವ್ರ ಗುಲಾಬಿ ಮತ್ತು ನೀಲಿಗಳು ಹಿಡಿಸುವುದಿಲ್ಲ. ಹಿಡಿಸದ ಬಣ್ಣಗಳನ್ನು ಅಂಚಿಗೆ ತಂದು ಕತ್ತರಿಸಿದಾಗ, ತಿದ್ದುವಾಗ ಕಂಡ ಕೆನ್ನೆಯ ನವಿರಾದ ಏರಿಳಿತ ಹೊರಬಂದ ಜೆಪೆಗ್‌ನಲ್ಲಿ ಮಟ್ಟಸವಾಗಿಬಿಡುತ್ತದೆ. ತಂತ್ರಾಂಶದ ಸಾಫ್ಟ್ ಪ್ರೂಫ್ ಸೌಲಭ್ಯದಲ್ಲಿ ಎಸ್‌ಆರ್‌ಜಿಬಿ ಆರಿಸಿದರೆ ಹಿಡಿಸದ ಜಾಗಗಳು ಗುರುತಾಗಿ ಕಾಣುತ್ತವೆ. ಆ ಗುರುತು ಫಲಕದ ಕೊಳವೆಯ ಮೇಲಷ್ಟೇ ಇದ್ದರೆ ಚಿತ್ರವನ್ನು ಹಾಗೆಯೇ ಹೊರತೆಗೆಯಬಹುದು. ಕೆನ್ನೆಯ ಮೇಲೂ ಇದ್ದರೆ, ಅದು ಮಾಯವಾಗುವ ತನಕ ಕೆನ್ನೆಯ ಮಾಸ್ಕ್‌ನ ಗಾಢತೆಯನ್ನು ಇನ್ನಷ್ಟು ಇಳಿಸಬೇಕು.